‘ಟಕ್’ ಅನ್ನದ ಗಿರಣಿ ಮೋಟಾರು

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡ್ತೀನಿ. ಊರು ಗದಗ. ಅಲ್ಲಿ ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ ಇತ್ತು. ಹಾಗಾಗಿ ಶಾಲೆ ರಜೆ ಅಂದ್ರೆ ನನಗೆ ಈಗಲೂ ತಾಮ್ರದ ತಂತಿ ಮತ್ತು ವಾರ್ನಿಶ್ ವಾಸನೆನೇ ನೆನಪಾಗೋದು. ಇವತ್ತು ನಾನು ಹೇಳೋದು ಒಂದೇ ಒಂದು ಮೋಟಾರಿನ ಕತೆ.

ವಾಕಡದಲ್ಲಿ ನಮ್ಮ ಸೊಸೈಟಿ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಹಿಟ್ಟಿನ ಗಿರಣಿ ಇದೆ. ನಡೆಸೋರು ವಿಜಯಪುರ ಕಡೆಯ ಒಬ್ಬ ಅಕ್ಕ. ಪ್ಯಾಕೆಟ್ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದರೆ ಹರೀತದೆ ಅಂತ ಇಲ್ಲಿನ ನಮ್ಮ ಕಡೆಯವರೆಲ್ಲ ಅವರಲ್ಲಿಗೇ ಹೋಗ್ತೀವಿ. ಹೋದ ಮಳೆಗಾಲದಲ್ಲಿ, ಪಂಚಮಿಗೆ ಇನ್ನು ನಾಲ್ಕು ದಿನ ಇದ್ದಾಗ, ಜೋಳದ ಡಬ್ಬಿ ಹಿಡಿದು ಹೋದೆ. ಗಿರಣಿ ನಿಂತಿತ್ತು. ಗೋಡೆ ಬದಿಗೆ ಹಿಟ್ಟಾಗದ ಡಬ್ಬಿಗಳ ಸಾಲು.

“ಏನಾತ್ರೀ ಅಕ್ಕಾರ?”

“ಏನ್ ಹೇಳ್ಲಿ ತಮ್ಮಾ, ಚಾಲೂ ಮಾಡಿದ್ರ ಒಂದ್ ನಿಮಿಷ ಓಡ್ತದ, ಆಮ್ಯಾಲ ಎಂಸಿಬಿ ಬೀಳ್ತದ. ಕೆಪಾಸಿಟರ್ ಎರಡ್ ಸಲ ಹಾಕ್ಸೀನಿ, ಎರಡೂ ಸುಟ್ಟು ಹೋದ್ವು. ಈಗ ಮೂರನೇದ್ದು ಹಾಕ್ಯಾರ. ವೈಂಡಿಂಗ್ ಹೋಗ್ಯದ, ಬಿಚ್ಚಿ ಸುತ್ತಬೇಕು ಅಂತಾರ.”

ರಿವೈಂಡಿಂಗ್ ಅಂದ್ರೆ ಮೂರು ದಿನ ಅಂಗಡಿ ಬಂದ್, ಅದೂ ಹಬ್ಬದ ಮುಂದೆ. ಅದು ಬೇಡ ಅಂದ್ರೆ ಇನ್ನೊಂದು ಉಪಾಯ ಇದೆ ಅಂತ ಯಾರೋ ಹೇಳಿದ್ದರಂತೆ. ಇರೋ 16 ಆಂಪಿಯರ್ ಎಂಸಿಬಿ ತೆಗೆದು 32ರದ್ದು ಹಾಕಿಬಿಡಿ, ಬೀಳೋದಿಲ್ಲ ಅಂತ. ಅಕ್ಕ ಅದನ್ನ ತಂದೂ ಇಟ್ಟಿದ್ದರು. ಹಾಕೋರು ಸಂಜೆ ಬರೋರಿದ್ದರು.

ಮೋಟಾರಿನ ನಾಮಫಲಕ ಒರೆಸಿ ನೋಡಿದೆ. 2 ಎಚ್‌ಪಿ, ಸಿಂಗಲ್ ಫೇಸ್, 230 ವೋಲ್ಟ್, ಪೂರ್ತಿ ಲೋಡಿಗೆ ಸುಮಾರು 12 ಆಂಪಿಯರ್, 1440 ಆರ್‌ಪಿಎಂ. ಮೈಮೇಲೆ ಒಂದೇ ಕೆಪಾಸಿಟರ್. ಅಂದ್ರೆ ಕೆಪಾಸಿಟರ್-ಸ್ಟಾರ್ಟ್ ಮೋಟಾರು.

ಇದು ಹೇಗೆ ಕೆಲಸ ಮಾಡ್ತದೆ ಅಂತ ಸ್ವಲ್ಪ ಹೇಳ್ತೀನಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಸಿಂಗಲ್ ಫೇಸ್ ಕರೆಂಟು ಒಂದೇ ವೈಂಡಿಂಗಿಗೆ ಕೊಟ್ಟರೆ ಒಳಗಿನ ಕಾಂತಕ್ಷೇತ್ರ ಹಿಂದೆ ಮುಂದೆ ತೂಗ್ತದೆ ಹೊರತು ಸುತ್ತೋದಿಲ್ಲ. ನಿಂತ ರೋಟರ್ ಗುಂಯ್ ಅಂತ ನಿಂತಲ್ಲೇ ಇರ್ತದೆ. ಅದಕ್ಕೆ ಎರಡನೇ ವೈಂಡಿಂಗ್ ಒಂದನ್ನ ಕೊಟ್ಟಿರ್ತಾರೆ, ಅದೇ ಸ್ಟಾರ್ಟಿಂಗ್ ವೈಂಡಿಂಗ್. ಅದರ ದಾರಿಯಲ್ಲಿರೋ ಕೆಪಾಸಿಟರ್ ಅಲ್ಲಿನ ಕರೆಂಟನ್ನ ಸ್ವಲ್ಪ ಮುಂಚಿತವಾಗಿ ಬರೋ ಹಾಗೆ ಮಾಡ್ತದೆ. ಎರಡು ವೈಂಡಿಂಗಿನ ಈ ಸಮಯದ ವ್ಯತ್ಯಾಸದಿಂದ ಕ್ಷೇತ್ರ ಸುತ್ತತೊಡಗ್ತದೆ, ರೋಟರ್ ಎದ್ದು ಓಡ್ತದೆ. ಒಮ್ಮೆ ಓಡೋಕೆ ಶುರುವಾದ ಮೇಲೆ ಮೇನ್ ವೈಂಡಿಂಗ್ ಒಂದೇ ಸಾಕು. ಸ್ಟಾರ್ಟಿಂಗ್ ವೈಂಡಿಂಗ್ ಮತ್ತು ಆ ಕೆಪಾಸಿಟರ್ ಮಾಡಿರೋದೇ ಒಂದೆರಡು ಸೆಕೆಂಡಿನ ಕೆಲಸಕ್ಕೆ.

ಹಾಗಾದ್ರೆ ಅವನ್ನ ಬಿಡಿಸೋರು ಯಾರು? ಸೆಂಟ್ರಿಫ್ಯೂಗಲ್ ಸ್ವಿಚ್. ಜಾತ್ರೆಯಲ್ಲಿ ಸುತ್ತೋ ತೊಟ್ಟಿಲಿನ ಕುರ್ಚಿಗಳು ವೇಗ ಹೆಚ್ಚಾದಂಗೆ ಹೊರಗೆ ಚಾಚ್ತಾವಲ್ಲ, ಅದೇ ತತ್ವ. ಶಾಫ್ಟಿನ ಮೇಲೆ ಸ್ಪ್ರಿಂಗ್ ಹಿಡಿದಿಟ್ಟ ಎರಡು ಸಣ್ಣ ತೂಕಗಳು ಇರ್ತವೆ. ಪೂರ್ತಿ ವೇಗದ ಮುಕ್ಕಾಲು ಭಾಗ, ಅಂದ್ರೆ ಈ ಮೋಟಾರಿಗೆ ಹೆಚ್ಚುಕಮ್ಮಿ 1100 ಆರ್‌ಪಿಎಂ ಮುಟ್ಟಿದಾಗ, ಅವು ಹೊರಗೆ ಹಾರ್ತವೆ. ಜೊತೆಗಿರೋ ಬುಷ್ ಶಾಫ್ಟಿನ ಮೇಲೆ ಹಿಂದೆ ಸರೀತದೆ. ಅದರ ಒತ್ತು ತಪ್ಪಿದ ಕೂಡಲೇ ಕಾಂಟ್ಯಾಕ್ಟ್ ಬಿಡ್ತದೆ. ಕೇಳಿಸೋದು ಒಂದು ಸಣ್ಣ ‘ಟಕ್’. ಮೋಟಾರು ನಿಲ್ಲಿಸಿದಾಗ ವೇಗ ಇಳೀತಾ ಬಂದಂಗೆ ಇನ್ನೊಂದು ‘ಟಕ್’. ಆಗ ಅದು ಮುಂದಿನ ಸ್ಟಾರ್ಟಿಗೆ ಮತ್ತೆ ಕೂಡಿಕೊಂಡಿರ್ತದೆ.

ಈಗ ಅಕ್ಕನ ಮಾತಿಗೆ ಬರೋಣ. “ಒಂದ್ ನಿಮಿಷ ಓಡ್ತದ, ಆಮ್ಯಾಲ ಬೀಳ್ತದ.” ನನಗೆ ಮೊದಲ ಸುಳಿವು ಸಿಕ್ಕಿದ್ದೇ ಈ ಒಂದು ನಿಮಿಷದಲ್ಲಿ. ಎಂಸಿಬಿಯೊಳಗೆ ಎರಡು ಕಾವಲುಗಾರರು ಇರ್ತಾರೆ. ಶಾರ್ಟ್ ಆದರೆ ಕಾಯಿಲ್ ಆ ಕ್ಷಣಕ್ಕೇ ಕೆಡವ್ತದೆ. ಕರೆಂಟು ಬರೀ ಹೆಚ್ಚಾಗಿದ್ದರೆ ಒಂದು ಲೋಹದ ಪಟ್ಟಿ ನಿಧಾನಕ್ಕೆ ಕಾಯ್ದು ಬಾಗಿ ಆಮೇಲೆ ಕೆಡವ್ತದೆ. ವೈಂಡಿಂಗ್ ನಿಜವಾಗ್ಲೂ ಒಳಗೆ ಜೋರಾಗಿ ಶಾರ್ಟ್ ಆಗಿದ್ದರೆ ಸ್ವಿಚ್ ಹಾಕಿದ ತಕ್ಷಣ ಬೀಳಬೇಕಿತ್ತು. ಇಲ್ಲಿ ಮೋಟಾರು ಎದ್ದು ಓಡಿ, ಪೂರ್ತಿ ವೇಗ ಹಿಡಿದ ಮೇಲೂ ಕರೆಂಟು ಇಳೀತಾ ಇಲ್ಲ.

ಆದರೆ ಇಷ್ಟಕ್ಕೇ ಸೆಂಟ್ರಿಫ್ಯೂಗಲ್ ಸ್ವಿಚ್ಚಿನದೇ ತಪ್ಪು ಅನ್ನೋ ಹಾಗಿಲ್ಲ. ಕಲ್ಲು ಬಿಗಿಯಾಗಿದ್ದರೂ, ಬೆಲ್ಟ್ ತುಂಬಾ ಎಳೆದಿದ್ದರೂ, ಹಾಪರಿನಲ್ಲಿ ಕಾಳು ಇಟ್ಟುಕೊಂಡೇ ಸ್ಟಾರ್ಟ್ ಮಾಡಿದರೂ ಮೋಟಾರು ಆ 1100 ಮುಟ್ಟೋದೇ ಇಲ್ಲ. ಮುಟ್ಟದಿದ್ದರೆ ಒಳ್ಳೆ ಸ್ವಿಚ್ಚೂ ಬಿಡೋದಿಲ್ಲ. ವೋಲ್ಟೇಜ್ ಕಡಿಮೆ ಇದ್ದರೂ ಇದೇ ಕತೆ. ಮೋಟಾರಿನ ಎಳೆಯೋ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳೀತದೆ. 230ರ ಬದಲು 180 ವೋಲ್ಟ್ ಬಂದರೆ ಉಳಿಯೋದು ಸುಮಾರು 60 ಶೇಕಡಾ ಮಾತ್ರ. ಅದಕ್ಕೇ ಮೊದಲು ವೋಲ್ಟೇಜ್ ನೋಡಿದೆ, 228 ಇತ್ತು. ಆಮೇಲೆ ಎಂಸಿಬಿ ಆಫ್ ಮಾಡಿ ಬೆಲ್ಟ್ ತೆಗೆದೆ. ಈಗ ಮೋಟಾರಿಗೆ ಯಾವ ಹೊರೆಯೂ ಇಲ್ಲ.

ಚಾಲೂ ಮಾಡಿದ್ವಿ. ಮೋಟಾರು ಎದ್ದಿತು, ಜೋರಾಗಿ ಗುರುಗುಟ್ಟಿತು, ಆದರೆ ‘ಟಕ್’ ಇಲ್ಲ. ಕ್ಲಾಂಪ್ ಮೀಟರ್ ಲೈನ್ ತಂತಿಗೆ ಹಾಕಿದರೆ, ಬರೀ ಮೋಟಾರಿಗೆ 26 ಆಂಪಿಯರ್! ಖಾಲಿ ಓಡುವಾಗ ಇಂಥ ಮೋಟಾರು ಆರೇಳು ಆಂಪಿಯರ್ ತಗೋಬೇಕು. ಕೂಡಲೇ ನಿಲ್ಲಿಸಿದೆ. ಎರಡನೇ ಸಲ ಮೀಟರನ್ನ ಕೆಪಾಸಿಟರಿಗೆ ಹೋಗೋ ತಂತಿಗೆ ಹಾಕಿ ಹತ್ತು ಸೆಕೆಂಡ್ ಮಾತ್ರ ಓಡಿಸಿದೆ. ಒಂದೆರಡು ಸೆಕೆಂಡಿನಲ್ಲಿ ಸೊನ್ನೆ ಆಗಬೇಕಿದ್ದ ಜಾಗದಲ್ಲಿ 12 ಆಂಪಿಯರ್ ಹಾಗೇ ನಿಂತಿತ್ತು. ಹೊರೆ ಇಲ್ಲ, ವೋಲ್ಟೇಜ್ ಸರಿ ಇದೆ, ವೇಗ ಬಂದಿದೆ, ಆದರೂ ಸ್ಟಾರ್ಟಿಂಗ್ ವೈಂಡಿಂಗ್ ಬಿಟ್ಟಿಲ್ಲ. ಇನ್ನು ಅನುಮಾನ ಇರಲಿಲ್ಲ. ಸೆಂಟ್ರಿಫ್ಯೂಗಲ್ ಸ್ವಿಚ್ ಕೂಡಿದಲ್ಲೇ ಸಿಕ್ಕಿಕೊಂಡಿತ್ತು.

ಇದೇ ಸ್ವಿಚ್ ಉಲ್ಟಾ ಸಿಕ್ಕಿಕೊಳ್ಳೋದೂ ಉಂಟು. ಬಿಟ್ಟಲ್ಲೇ ಉಳಿದರೆ ಮೋಟಾರು ಏಳೋದೇ ಇಲ್ಲ, ನಿಂತಲ್ಲೇ ಗುಂಯ್ ಅಂದು ಎಂಸಿಬಿ ಬೀಳ್ತದೆ. ಕೆಪಾಸಿಟರ್ ಸತ್ತಾಗಲೂ ಹೀಗೇ. ಹಾಗಾಗಿ ಮೋಟಾರು ಏಳ್ತದೋ ಇಲ್ಲವೋ ಅನ್ನೋದನ್ನ ಮೊದಲು ಕೇಳಿಕೊಳ್ಳಬೇಕು.

ಎರಡು ಕೆಪಾಸಿಟರ್ ಯಾಕೆ ಸುಟ್ಟವು ಅನ್ನೋದಕ್ಕೂ ಈಗ ಉತ್ತರ ಸಿಕ್ಕಿತು. ಅವು ಸೆಕೆಂಡುಗಟ್ಟಲೆ ಕೆಲಸಕ್ಕೆ ಮಾಡಿದವು, ನಾವು ನಿಮಿಷಗಟ್ಟಲೆ ದುಡಿಸ್ತಿದ್ವಿ. ಕೆಪಾಸಿಟರ್ ಇಲ್ಲಿ ಕಳ್ಳ ಅಲ್ಲ, ಪೆಟ್ಟು ತಿಂದವನು. ಇನ್ನು ಆ 32ರ ಎಂಸಿಬಿ. ಮೋಟಾರು ಎಳೀತಿದ್ದದ್ದು 26. ಅದನ್ನ ಹಾಕಿದ್ದರೆ ಅಕ್ಕನಿಗೆ ಹೇಳಿದಂತೆ ನಿಜವಾಗ್ಲೂ ಬೀಳ್ತಿರಲಿಲ್ಲ. ಸ್ಟಾರ್ಟಿಂಗ್ ವೈಂಡಿಂಗ್ ಸುಟ್ಟು ಹೊಗೆ ಬರೋವರೆಗೂ ಓಡ್ತಿತ್ತು. ನಮ್ಮ ಆಫೀಸಿನಲ್ಲಿ ಅಲರ್ಟ್ ಮ್ಯೂಟ್ ಮಾಡಿ ಸರ್ವರ್ ಸರಿಯಾಯ್ತು ಅಂತಾರಲ್ಲ, ಹಾಗೆ.

ಬಿಚ್ಚೋ ಮೊದಲು ಪ್ಲಗ್ ಕಿತ್ತೆ. ಕೆಪಾಸಿಟರಿನ ಎರಡು ತುದಿಗೆ ಬಲ್ಬಿನ ಹೋಲ್ಡರಿನ ತಂತಿ ಹಿಡಿದು ಉಳಿದ ಚಾರ್ಜು ಇಳಿಸಿದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸೋ ರೂಢಿ ನಮ್ಮಲ್ಲಿದೆ, ಹಿಟ್ಟಿನ ಧೂಳಿರೋ ಜಾಗದಲ್ಲಂತೂ ಅದು ಬೇಡವೇ ಬೇಡ. ಹಿಂದಿನ ಮುಚ್ಚಳ ಮತ್ತು ಬಾಡಿ ಕೂಡೋ ಕಡೆ ಪಂಚಿನಿಂದ ಗುರುತು ಹೊಡೆದೆ. ಜೋಡಿಸುವಾಗ ಅದೇ ಕೋನಕ್ಕೆ ಕೂರಬೇಕು.

ಮುಚ್ಚಳ ತೆಗೆದರೆ ಶಾಫ್ಟಿನ ಸುತ್ತ ಒಣಗಿದ ಕಣಕದ ಥರ ಒಂದು ಪದರ. ಮೋಟಾರು ಜಾಲಿ ಮಾದರಿಯದು, ಅದರ ಫ್ಯಾನ್ ಗಾಳಿಯ ಜೊತೆ ಹಿಟ್ಟನ್ನೂ ಒಳಗೆ ಎಳೀತದೆ. ಹಿಂದಿನ ಬೇರಿಂಗಿನಿಂದ ಗ್ರೀಸ್ ಒಸರಿತ್ತು. ಹಿಟ್ಟು, ಗ್ರೀಸ್, ಮಳೆಗಾಲದ ತೇವ ಮೂರೂ ಸೇರಿ, ಕಾವಿಗೆ ಗಟ್ಟಿಯಾಗಿ ಬುಷ್ಷನ್ನ ಶಾಫ್ಟಿಗೆ ಅಂಟಿಸಿಬಿಟ್ಟಿದ್ದವು. ತೂಕಗಳನ್ನ ಬೆರಳಲ್ಲಿ ಎಳೆದರೂ ಅದು ಸರೀಲಿಲ್ಲ.

ಬ್ರಶ್ಶು, ಒಣ ಬಟ್ಟೆ, ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ಪೂರ್ತಿ ಸ್ವಚ್ಛ ಮಾಡಿದೆ. ಬ್ಲೋವರ್ ಹಿಡೀಲಿಲ್ಲ, ಅದು ಹಿಟ್ಟನ್ನ ಗಾಳಿಗೆ ಎಬ್ಬಿಸ್ತದೆ. ಎಣ್ಣೆನೂ ಬಿಡ್ಲಿಲ್ಲ, ಎಣ್ಣೆ ಬಿಟ್ಟರೆ ಮತ್ತೆ ಹಿಟ್ಟು ಹಿಡೀತದೆ. ಬುಷ್ಷು ಈಗ ಎಳೆದರೆ ಹಿಂದಕ್ಕೆ ಹಾರಿ, ಬಿಟ್ಟರೆ ಸ್ಪ್ರಿಂಗಿನ ಜೋರಿಗೆ ಮುಂದಕ್ಕೆ ಬರ್ತಿತ್ತು. ಕಾಂಟ್ಯಾಕ್ಟ್ ಪ್ಲೇಟಿನಲ್ಲಿ ಗುಳಿ ಬಿದ್ದಿದ್ದವು. ಅದನ್ನ ಮತ್ತು ಒಸರೋ ಬೇರಿಂಗನ್ನ ಹೊಸದು ಹಾಕಿದೆ. ಮೂರನೇ ಕೆಪಾಸಿಟರ್ ಆಗಲೇ ಉಬ್ಬಿತ್ತು. ಬದಲಿಗೆ ಅದೇ ಅಳತೆಯ 150 ಮೈಕ್ರೋಫ್ಯಾರಡ್ ಹಾಕಿದೆ, ದೊಡ್ಡದಲ್ಲ.

ಎದೆ ಹೊಡೆದುಕೊಂಡಿದ್ದು ವೈಂಡಿಂಗ್ ನೋಡುವಾಗ. ಇಷ್ಟು ದಿನ ಕಾಯ್ದಿದೆ, ಒಳಗೆ ಏನಾಗಿದೆಯೋ. ಸ್ಟಾರ್ಟಿಂಗ್ ವೈಂಡಿಂಗಿನ ವಾರ್ನಿಶ್ ಬಣ್ಣ ಕಪ್ಪಗೆ ತಿರುಗಿತ್ತು, ಆದರೆ ಸುಲಿದಿರಲಿಲ್ಲ. 500 ವೋಲ್ಟಿನ ಮೆಗ್ಗರಿನಲ್ಲಿ ವೈಂಡಿಂಗ್‌ಗೂ ಬಾಡಿಗೂ ನಡುವೆ ನೋಡಿದೆ. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಓಡಿಸೋ ಹಾಗಿಲ್ಲ. ಇಪ್ಪತ್ತರ ಮೇಲೆ ಬಂತು. ಇನ್ನೊಂದು ವಾರ ಹೀಗೇ ಓಡಿದ್ದರೆ ರಿವೈಂಡಿಂಗ್ ಮಾಡಿಸಲೇಬೇಕು ಅಂದವರ ಮಾತು ನಿಜವೇ ಆಗ್ತಿತ್ತು.

ಮುಚ್ಚಿ, ಬೆಲ್ಟ್ ಇಲ್ಲದೇ ಚಾಲೂ ಮಾಡಿದ್ವಿ. ಒಂದು ಸೆಕೆಂಡು. ‘ಟಕ್.’ ಗುರುಗುಟ್ಟೋದು ನಿಂತು ಮೋಟಾರಿನ ದನಿನೇ ಹಗುರಾಯ್ತು. ಕೆಪಾಸಿಟರ್ ತಂತಿಯಲ್ಲಿ ಸೊನ್ನೆ, ಲೈನಿನಲ್ಲಿ 7 ಆಂಪಿಯರ್. ಬೆಲ್ಟ್ ಹಾಕಿ ಜೋಳ ಸುರಿದಾಗ 11. ನಿಲ್ಲಿಸಿದಾಗ ಇಳಿಯೋ ದಾರಿಯಲ್ಲಿ ಇನ್ನೊಂದು ‘ಟಕ್’.

“ಇಷ್ಟ ಸಪ್ಪಳಕ್ಕ ಇಷ್ಟ್ ರಾಡಿ ಆಗಿತ್ತೇನ್ ತಮ್ಮಾ?” ಅಂದರು ಅಕ್ಕ.

“ಹೌದ್ರೀ. ದಿನಾ ಮುಂಜಾನೆ ಕಾಳ್ ಹಾಕೂದಕ್ಕ ಮೊದಲ ಎರಡೂ ಸಪ್ಪಳ ಕೇಳ್ರಿ. ಒಂದ್ ತಪ್ಪಿದ್ರೂ ಬಂದ್ ಮಾಡಿ ನನಗ ಫೋನ್ ಹಚ್ಚ್ರಿ.”

ಮಳೆಗಾಲ ಮುಗಿಯೋವರೆಗೆ ತಿಂಗಳಿಗೊಮ್ಮೆ ಹಿಂದಿನ ಮುಚ್ಚಳ ತೆಗೆದು ಒರೆಸಬೇಕು ಅಂತಲೂ ಹೇಳಿದೆ. ಮುಂದೆ ಮೋಟಾರು ಬದಲಿಸೋದಾದ್ರೆ ಜಾಲಿ ಇಲ್ಲದ, ಪೂರ್ತಿ ಮುಚ್ಚಿದ ಮಾದರಿ ತಗೊಳ್ಳಿ ಅಂದೆ. ಅದರಲ್ಲಿ ಹಿಟ್ಟು ಒಳಗೆ ಹೋಗೋದು ಬಹಳ ಕಡಿಮೆ.

ಆ ರಾತ್ರಿ ಹತ್ತೂವರೆವರೆಗೆ ಗಿರಣಿ ಓಡಿತು. ಗೋಡೆ ಬದಿಯ ಡಬ್ಬಿ ಒಂದೂ ಉಳೀಲಿಲ್ಲ. ಪಂಚಮಿ ದಿನ ನಮ್ಮನೆಗೆ ಒಂದು ಡಬ್ಬಿ ಉಂಡಿ ಬಂತು. 32ರ ಎಂಸಿಬಿಯನ್ನ ಅಕ್ಕ ಮರುದಿನವೇ ಅಂಗಡಿಗೆ ವಾಪಸ್ ಕೊಟ್ಟು ಬಂದಿದ್ದರು.