ಸಾಂಬಾರ್ ಸಿಹಿ ಎಂದವರಿಗೆ ಏನು ಉತ್ತರ?

ಇಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ನಿಮ್ಮಲ್ಲಿ ಕೆಲವರು ವಾರಾಂತ್ಯದಲ್ಲಿ ಅಪ್ಪ-ಅಮ್ಮನ ಹೋಟೆಲಿನಲ್ಲೋ ಪರಿಚಯದವರ ಹೋಟೆಲಿನಲ್ಲೋ ಕೌಂಟರ್ ನೋಡಿಕೊಳ್ಳುತ್ತೀರಿ. ಆಗ ಒಂದು ಕೆಲಸ ತಾನಾಗಿಯೇ ನಿಮ್ಮ ಪಾಲಿಗೆ ಬರುತ್ತದೆ. “ಗೂಗಲ್‌ನಲ್ಲಿ ಯಾರೋ ಏನೋ ಬರೆದಿದ್ದಾರೆ, ನಿನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಲ್ಲ, ಒಂದು ಉತ್ತರ ಹಾಕಪ್ಪಾ” ಎನ್ನುತ್ತಾರೆ. ಆ ಉತ್ತರವನ್ನು ಹೇಗೆ ಬರೆಯಬೇಕು ಎಂಬುದೇ ಇವತ್ತಿನ ಮಾತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಣ್ಣ ಹೋಟೆಲು. ಗೂಗಲ್‌ನಲ್ಲಿ 40 ರಿವ್ಯೂಗಳಿವೆ, ಸರಾಸರಿ 4.5. ಭಾನುವಾರ ರಾತ್ರಿ ಒಬ್ಬರು ಒಂದೇ ಸ್ಟಾರ್ ಕೊಟ್ಟು ಹೀಗೆ ಬರೆಯುತ್ತಾರೆ: “ಮಸಾಲೆ ದೋಸೆಗೆ 50 ನಿಮಿಷ ಕಾಯಿಸಿದರು. ಬಂದಾಗ ಮೆತ್ತಗಾಗಿತ್ತು. ಸಾಂಬಾರ್ ಸಿಹಿಯಾಗಿತ್ತು, ಹಾಳಾಗಿರಬೇಕು. ಇನ್ನು ಬರುವುದಿಲ್ಲ.”

ಓದಿದ ಕೂಡಲೇ ಸಿಟ್ಟು ಬರುತ್ತದೆ. ಬೆಳಗಿನಿಂದ ಕಲ್ಲಿನ ಮುಂದೆ ನಿಂತ ಅಪ್ಪನ ಮುಖ ಕಣ್ಣಮುಂದೆ ಬರುತ್ತದೆ. ಆದರೆ ನೀವು ಉತ್ತರ ಬರೆಯುವುದು ಆ ಗಿರಾಕಿಗಿಂತ ಹೆಚ್ಚಾಗಿ ಮುಂದಿನ ಶನಿವಾರ ಎಲ್ಲಿಗೆ ಹೋಗೋಣ ಎಂದು ಫೋನಿನಲ್ಲಿ ಹುಡುಕುತ್ತಿರುವ ಇನ್ನೊಬ್ಬರಿಗೆ. ಅವರು ದೂರನ್ನೂ ಓದುತ್ತಾರೆ, ಅದರ ಕೆಳಗಿನ ನಿಮ್ಮ ಮಾತನ್ನೂ ಓದುತ್ತಾರೆ. ಜಗಳಕ್ಕೆ ನಿಂತರೆ, ತಪ್ಪು ಯಾರದೇ ಇರಲಿ, ಅವರು ಬೇರೆ ಹೋಟೆಲು ನೋಡುತ್ತಾರೆ.

ಆದ್ದರಿಂದ ಬರೆಯುವ ಮೊದಲು ಅಡುಗೆಮನೆಗೆ ಹೋಗಿ. ಈ ದೂರಿನಲ್ಲಿ ಮೂರು ಮಾತುಗಳಿವೆ, ಮೂರನ್ನೂ ಬೇರೆ ಬೇರೆಯಾಗಿ ವಿಚಾರಿಸಿ. ಆರ್ಡರ್ ಎಷ್ಟು ಹೊತ್ತಿಗೆ ಬಂತು ಎಂಬುದು ಬಿಲ್ಲಿಂಗ್ ಯಂತ್ರದಲ್ಲೇ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 12.40ಕ್ಕೆ ಬಂದಿದೆ. ಅದಕ್ಕಿಂತ ಸ್ವಲ್ಪ ಮೊದಲು ಎರಡು ದೊಡ್ಡ ಗುಂಪುಗಳ ದೋಸೆ ಆರ್ಡರ್ ಇದೆ. ಕಲ್ಲು ಇರುವುದು ಒಂದೇ. ಹಾಗಾದರೆ ತಡವಾದದ್ದು ನಿಜ. ಇನ್ನು ದೋಸೆ ಮೆತ್ತಗಾದದ್ದು ಏಕೆ? ಅದೇ ಟೇಬಲಿನ ಉಳಿದ ತಿಂಡಿಗಳು ಆಗಲಿ ಎಂದು ಕಲ್ಲಿನಿಂದ ತೆಗೆದ ದೋಸೆಯನ್ನು ಪಕ್ಕಕ್ಕೆ ಇಟ್ಟಿದ್ದರು. ಬಿಸಿ ಪಲ್ಯದ ಹಬೆ ಒಳಗೇ ಕೂತಿತು, ಗರಿ ಹೋಯಿತು. ಇದೂ ನಿಜ, ಮತ್ತು ಸರಿಪಡಿಸಬಹುದಾದ ತಪ್ಪು.

ಮೂರನೆಯದು ಹಾಗಲ್ಲ. ಉಡುಪಿ ಕಡೆಯ ಸಾಂಬಾರಿಗೆ ಬೆಲ್ಲ ಹಾಕುವುದು ರೂಢಿ. ತಮಿಳುನಾಡಿನ ಸಾಂಬಾರ್ ತಿಂದು ಅಭ್ಯಾಸವಿದ್ದವರಿಗೆ ಇದು ವಿಚಿತ್ರವೆನ್ನಿಸಬಹುದು. ಅವರ ನಾಲಿಗೆಗೆ ಸಿಹಿ ಎನ್ನಿಸಿದ್ದು ಸುಳ್ಳಲ್ಲ, ಸಾಂಬಾರ್ ಹಾಳಾಗಿತ್ತು ಎಂಬ ಊಹೆ ಮಾತ್ರ ತಪ್ಪು. ತಪ್ಪಿಗೆ ಕ್ಷಮೆ ಕೇಳಬೇಕು, ರುಚಿಯ ವ್ಯತ್ಯಾಸಕ್ಕೆ ವಿವರಣೆ ಕೊಡಬೇಕು. ಎರಡನ್ನೂ ಬೆರೆಸಿ “ಎಲ್ಲದಕ್ಕೂ ಕ್ಷಮಿಸಿ” ಎಂದರೆ ಸಾಂಬಾರ್ ಹಾಳಾಗಿತ್ತು ಎಂದು ನೀವೇ ಒಪ್ಪಿದಂತಾಗುತ್ತದೆ.

ಈಗ ಬರೆಯೋಣ. ನೀವು ಇಂಗ್ಲಿಷಿನಲ್ಲಿ ಬರೆಯುತ್ತೀರಿ, ಅದರ ಸಾರ ಹೀಗಿರಲಿ: “ಭಾನುವಾರ ನೀವು 50 ನಿಮಿಷ ಕಾದದ್ದಕ್ಕೆ ಕ್ಷಮಿಸಿ. ಅಷ್ಟು ಹೊತ್ತಾಗುತ್ತದೆ ಎಂದು ಆರ್ಡರ್ ತೆಗೆದುಕೊಳ್ಳುವಾಗಲೇ ನಾವು ಹೇಳಬೇಕಿತ್ತು. ದೋಸೆಯನ್ನು ಪಕ್ಕಕ್ಕಿಟ್ಟು ಕಾಯಿಸಿದ್ದರಿಂದ ಮೆತ್ತಗಾಯಿತು. ಇನ್ನು ಮುಂದೆ ಕಲ್ಲಿನಿಂದ ತೆಗೆದದ್ದನ್ನು ನೇರವಾಗಿ ಟೇಬಲಿಗೆ ಕಳಿಸುತ್ತೇವೆ. ನಮ್ಮ ಸಾಂಬಾರ್ ಉಡುಪಿ ಶೈಲಿಯದು, ಸ್ವಲ್ಪ ಬೆಲ್ಲ ಇರುತ್ತದೆ. ಇದನ್ನು ಮೆನುವಿನಲ್ಲಿ ಬರೆಯುತ್ತಿದ್ದೇವೆ.”

ಇದರಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿ. ರಶ್ ಇತ್ತು ಎಂಬ ನೆಪವಿಲ್ಲ. “ಬೇರೆಯವರೆಲ್ಲ ಹೊಗಳಿದ್ದಾರಲ್ಲ” ಎಂಬ ಚುಚ್ಚುಮಾತಿಲ್ಲ. ಸ್ಟಾರ್ ಬದಲಿಸಿದರೆ ಊಟ ಉಚಿತ ಎಂಬ ಆಮಿಷವೂ ಇಲ್ಲ. ಹಾಗೆ ಆಮಿಷ ಒಡ್ಡುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಈ ರಿವ್ಯೂವನ್ನು ತೆಗೆಸಿಬಿಡೋಣ ಎಂದರೂ ಆಗದು. ನಕಲಿ, ಬೈಗುಳ, ಸಂಬಂಧವಿಲ್ಲದ ವಿಷಯ, ಇಂಥ ನಿಯಮಭಂಗ ಇದ್ದರೆ ಮಾತ್ರ ಗೂಗಲ್ ತೆಗೆಯುತ್ತದೆ. ನಮಗೆ ಹಿಡಿಸಲಿಲ್ಲ ಎಂಬುದು ಅದಕ್ಕೆ ಕಾರಣವಾಗುವುದಿಲ್ಲ.

ಇನ್ನು ಒಳ್ಳೆಯ ರಿವ್ಯೂ. ಅದಕ್ಕೆ “ಥ್ಯಾಂಕ್ಸ್” ಎಂದರೆ ಸಾಕು ಎಂದುಕೊಳ್ಳುತ್ತೇವೆ. ಆದರೆ ಐದು ಸ್ಟಾರಿನ ಈ ಮಾತನ್ನು ನೋಡಿ: “ಎಷ್ಟು ರುಚಿಯಾದ ರವೆ ದೋಸೆ! ನನ್ನ ಗೆಳತಿ ಗೋಧಿ ತಿನ್ನುವಂತಿಲ್ಲ, ದೋಸೆ ಎಂದರೆ ಅಕ್ಕಿಯದೇ ತಾನೇ, ಮುಂದಿನ ವಾರ ಅವಳನ್ನೂ ಕರೆತರುತ್ತೇನೆ.” ರವೆ ಎಂದರೆ ಗೋಧಿಯದೇ. ಸಾದಾ ದೋಸೆ ಅಕ್ಕಿ-ಉದ್ದಿನದಾದರೂ, ಸಾಂಬಾರಿಗೆ ಹಾಕುವ ಪುಡಿ ಇಂಗಿನಲ್ಲಿ ಅನೇಕ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಸೀಲಿಯಾಕ್ ಕಾಯಿಲೆ ಇರುವವರಿಗೆ ಗೋಧಿಯ ಗ್ಲುಟೆನ್ ಕರುಳಿಗೆ ಹಾನಿ ಮಾಡುತ್ತದೆ. ಈ ಹೊಗಳಿಕೆಗೆ ನೀವು ಬರೀ ಕೈಮುಗಿದರೆ, ಓದುವ ಎಲ್ಲರಿಗೂ ಹೋಟೆಲೇ ಆ ಮಾತಿಗೆ ಒಪ್ಪಿಗೆ ಕೊಟ್ಟಂತೆ ಕಾಣುತ್ತದೆ.

ಹಾಗಾಗಿ ಮೊದಲು ವಂದಿಸಿ, ಕೂಡಲೇ ತಿದ್ದಿ: “ತುಂಬ ಸಂತೋಷ. ಆದರೆ ರವೆ ದೋಸೆಯಲ್ಲಿ ಗೋಧಿ ಇದೆ, ನಿಮ್ಮ ಗೆಳತಿ ದಯವಿಟ್ಟು ಅದನ್ನು ತಿನ್ನಬಾರದು. ಒಂದೇ ಕಲ್ಲಿನಲ್ಲಿ ಎರಡೂ ದೋಸೆ ಹುಯ್ಯುತ್ತೇವೆ. ಬರುವ ಮೊದಲು ಫೋನ್ ಮಾಡಿ, ಏನೇನು ಹಾಕುತ್ತೇವೆ ಎಂದು ಹೇಳುತ್ತೇವೆ.” ಒಬ್ಬ ಗಿರಾಕಿ ಕಡಿಮೆಯಾಗಬಹುದು. ಆಗಲಿ. ಕೆಟ್ಟ ರಿವ್ಯೂಗಿಂತ ಮೊದಲು ಉತ್ತರ ಬೇಕಾದದ್ದು ಇಂಥ ಹೊಗಳಿಕೆಗೆ.

ಇನ್ನು ಅಂಕಿಯ ಚಿಂತೆ. 40 ಜನರ 4.5 ಎಂದರೆ ಒಟ್ಟು 180 ಸ್ಟಾರ್. ಒಂದು ಸೇರಿದರೆ 41 ಜನರಿಗೆ 181, ಸರಾಸರಿ ಸುಮಾರು 4.4. ಪೂರ್ತಿ 4.5ಕ್ಕೆ ಮರಳಲು ಐದು ಸ್ಟಾರಿನ ಏಳು ರಿವ್ಯೂ ಬೇಕು. ಆಗ ಮನೆಯಲ್ಲಿ ಯಾರಾದರೂ ಹೇಳುತ್ತಾರೆ: “ಚಿಕ್ಕಪ್ಪ, ಅತ್ತೆ, ಕಸಿನ್‌ಗಳು ಸೇರಿದರೆ ಏಳು ಜನ ಆಗಲ್ವಾ?” ಬೇಡ. ಹೋಟೆಲಿಗೆ ಬಾರದವರ ಹೆಸರಿನ ರಿವ್ಯೂ ನಕಲಿಯೇ. ನಕಲಿ ರಿವ್ಯೂಗಳನ್ನು ನಿಷೇಧಿಸುವ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ 2024ರ ಅಕ್ಟೋಬರ್‌ನಿಂದ ಇಲ್ಲಿ ಜಾರಿಯಲ್ಲಿದೆ. ಊಟ ಮಾಡಿ ಹೊರಡುವ ಗಿರಾಕಿಗಳನ್ನು “ನಿಮಗೆ ಅನ್ನಿಸಿದ್ದನ್ನು ಗೂಗಲ್‌ನಲ್ಲಿ ಬರೆಯಿರಿ” ಎಂದು ಕೇಳಬಹುದು. ಖುಷಿಯಾದವರನ್ನು ಮಾತ್ರ ಆರಿಸಿ ಕೇಳಬೇಡಿ, ಗೂಗಲ್ ಅದನ್ನೂ ಒಪ್ಪುವುದಿಲ್ಲ. ಅಂಕಿ ನಿಧಾನವಾಗಿ ತಾನೇ ಸರಿಹೋಗುತ್ತದೆ.

ಅಂಕಿಗಿಂತ ಮಾತುಗಳನ್ನು ನೋಡಿ. ಎರಡು ತಿಂಗಳಲ್ಲಿ ಮೂರು ಬೇರೆ ಬೇರೆ ಜನ “ಮೆತ್ತಗೆ” ಎಂದು ಬರೆದರೆ, ಮೂರು ಚೆಂದದ ಉತ್ತರಗಳಿಂದ ಏನೂ ಆಗದು. ಕಲ್ಲಿನ ಹತ್ತಿರವೇ ಏನಾದರೂ ಬದಲಾಗಬೇಕು. ಅಷ್ಟೇ ಅಲ್ಲ, “ಇನ್ನು ಮುಂದೆ ನೇರವಾಗಿ ಟೇಬಲಿಗೆ ಕಳಿಸುತ್ತೇವೆ” ಎಂಬ ನಿಮ್ಮ ಮಾತು ಮೇಲೆ ಹಾಗೇ ಇರುತ್ತದೆ. ಕೆಳಗೆ ಹೊಸ ದೂರು ಬಂದ ದಿನ ಅದು ಸುಳ್ಳಾಗಿ ಕಾಣುತ್ತದೆ.

ಇಲ್ಲಿಯೇ ನಿಮ್ಮ ಕನ್ನಡದ ಕೆಲಸ ಇರುವುದು. ಇಂಗ್ಲಿಷಿನಲ್ಲಿ ನೀವು ಕೊಟ್ಟ ಮಾತನ್ನು ನಡೆಸಿಕೊಡಬೇಕಾದವರು ದೋಸೆ ಹುಯ್ಯುವ ಮಾಮ, ಪಾತ್ರೆ ಎತ್ತುವ ಅಣ್ಣ. ಅವರು ಗೂಗಲ್ ನೋಡುವುದಿಲ್ಲ. ಆದ್ದರಿಂದ ಬಟನ್ ಒತ್ತುವ ಮೊದಲು ಅಡುಗೆಮನೆಗೆ ಇನ್ನೊಮ್ಮೆ ಹೋಗಿ, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿ. “ಮಾಮ, ಹೀಗೆ ಬರೆದಿದ್ದೀನಿ, ಭಾನುವಾರ ಮಧ್ಯಾಹ್ನ ಇದು ಆಗುತ್ತಾ?” ಎಂದು ಕೇಳಿ. ಅವರು ಆಗುತ್ತದೆ ಎಂದರೆ ಹಾಕಿ. “ಒಂದೇ ಕಲ್ಲಿನಲ್ಲಿ ಎಲ್ಲಪ್ಪಾ ಆಗುತ್ತೆ” ಎಂದರೆ ಆ ಸಾಲನ್ನು ಹೊಡೆದುಹಾಕಿ, ಆಗುವಷ್ಟನ್ನೇ ಬರೆಯಿರಿ.