ಎರಡರ ವರ್ಗಮೂಲ

ಒಂದು ಗಜ ಭುಜವುಳ್ಳ ಚೌಕದ ಕರ್ಣವೆಷ್ಟು? 7/5 ಗಜವೆಂದರೆ ಅದರ ವರ್ಗ 49/25. ಎರಡಕ್ಕೆ 1/25 ಮಾತ್ರ ಕಡಮೆ. ದೊಡ್ಡ ಅಂಕಿಗಳಲ್ಲಿ ಹುಡುಕಿದರೆ ನಿಖರವಾದ ಭಿನ್ನರಾಶಿ ದೊರೆತೀತೇ?

ದೊರೆಯಿತೆಂದೇ ಭಾವಿಸಿ, ಅದನ್ನು ಪೂರ್ಣವಾಗಿ ಸಂಕ್ಷೇಪಿಸೋಣ. ಆಗ ಅಂಶ, ಛೇದಗಳೆರಡೂ ಸಮಸಂಖ್ಯೆಗಳಾಗಿರಲಾರವು. ಅಂಶದ ವರ್ಗವು ಛೇದದ ವರ್ಗದ ಇಮ್ಮಡಿ, ಆದುದರಿಂದ ಸಮ. ಬೆಸದ ವರ್ಗ ಬೆಸವೇ ಆದಕಾರಣ ಅಂಶವೂ ಸಮವೇ ಆಗಬೇಕು. ಸಮಸಂಖ್ಯೆಯ ವರ್ಗವು ನಾಲ್ಕರಿಂದ ಭಾಗವಾಗುವುದು. ಅದರ ಅರ್ಧವಾದ ಛೇದದ ವರ್ಗವು ಎರಡರಿಂದ ಭಾಗವಾಗುವುದು. ಹಾಗಾದರೆ ಛೇದವೂ ಸಮ! ನಾವು ಸಂಕ್ಷೇಪಿಸಿದ್ದು ಸುಳ್ಳಾಯಿತು. ಅಂತಹ ಭಿನ್ನರಾಶಿಯೇ ಇಲ್ಲ.

ಇದೇ ವಾದವನ್ನು ನಾಲ್ಕರ ವರ್ಗಮೂಲಕ್ಕೆ ಹೂಡಬಹುದೆ? ಕೂಡದು. ವರ್ಗವು ನಾಲ್ಕರಿಂದ ಭಾಗವಾದ ಮಾತ್ರಕ್ಕೆ ಸಂಖ್ಯೆಯೂ ನಾಲ್ಕರಿಂದ ಭಾಗವಾಗಬೇಕಿಲ್ಲ, 2ನ್ನೇ ನೋಡಿರಿ. ವಾದವು ಅಲ್ಲಿಯೇ ಮುರಿದುಬೀಳುವುದು.