ಒಂದು ಹೆಜ್ಜೆಗೆ ಒಂದೇ ಬದಲಾವಣೆ



ತಿರುಗುವ ಶಾಫ್ಟು ಎಷ್ಟು ತಿರುಗಿದೆ ಎಂಬುದನ್ನು ಯಂತ್ರವು ತಾನೇ ತಿಳಿಯುವುದು ಹೇಗೆ? ಶಾಫ್ಟಿಗೆ ಒಂದು ತಟ್ಟೆ ಜೋಡಿಸಿ, ಅದನ್ನು ಎಂಟು ಭಾಗ ಮಾಡಿ, ಒಂದೊಂದು ಭಾಗಕ್ಕೂ 0 ಮತ್ತು 1 ಎಂಬ ಅಂಕೆಗಳಿಂದಾದ ಮೂರಂಕೆಯ ಗುರುತು ಕೊಡುತ್ತಾರೆ. ಮೂರು ಬ್ರಷ್ಷುಗಳು ಆ ಗುರುತನ್ನು ಓದುತ್ತವೆ. ಈ ಒಂದೊಂದು ಅಂಕೆಗೂ ಬಿಟ್ ಎಂದು ಹೆಸರು.

ವಾಡಿಕೆಯ ದ್ವಿಮಾನ ಎಣಿಕೆಯಲ್ಲಿ ಮೂರು ಎಂದರೆ 011, ನಾಲ್ಕು ಎಂದರೆ 100. ಮೂರರಿಂದ ನಾಲ್ಕಕ್ಕೆ ಹೋಗುವಾಗ ಮೂರು ಬಿಟ್ಟುಗಳೂ ಒಂದೇ ಕ್ಷಣದಲ್ಲಿ ಬದಲಾಗಬೇಕು. ಆದರೆ ಕೂದಲೆಳೆಯಷ್ಟೂ ಹಿಂದುಮುಂದಾಗದಂತೆ ಮೂರು ಬ್ರಷ್ಷುಗಳನ್ನು ಕೂರಿಸುವುದು ಯಾರಿಂದಾದೀತು? ಎಡಗಡೆಯ ಬ್ರಷ್ಷು ಮೊದಲು ದಾಟಿತೆಂದರೆ, ಆ ಕ್ಷಣಕ್ಕೆ ಯಂತ್ರವು 111, ಅಂದರೆ ಏಳು, ಎಂದು ಓದುತ್ತದೆ. ಪಕ್ಕದ ಗುರುತಿಗೆ ಹೋಗುವಾಗ ಒಂದೇ ಬಿಟ್ ಬದಲಾಗುವಂತಿದ್ದರೆ ಈ ತೊಡಕು ಬಾರದು. ಓದಿದ್ದು ಹಳೆಯ ಗುರುತಾಗಿರುತ್ತದೆ, ಇಲ್ಲವೇ ಹೊಸದಾಗಿರುತ್ತದೆ, ಮೂರನೆಯದಕ್ಕೆ ಎಡೆಯಿಲ್ಲ.

ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ರಾಂಕ್ ಗ್ರೇ ಎಂಬವರಿಗೆ 1953ರಲ್ಲಿ ದೊರೆತ ಪೇಟೆಂಟಿನಲ್ಲಿ ಇಂಥ ಸಾಲಿನ ವಿವರಣೆ ಇದೆ. ಅವರ ಹೆಸರಿನಿಂದಲೇ ಇದನ್ನು ಗ್ರೇ ಸಂಕೇತ ಎನ್ನುತ್ತಾರೆ. ಕಟ್ಟುವ ಕ್ರಮ ಕನ್ನಡಿಯಲ್ಲಿ ನೋಡಿದಂತೆ.

ಒಂದು ಬಿಟ್ಟಿನ ಸಾಲು: 0, 1. ಇದನ್ನು ಬರೆದು, ಮುಂದೆ ತಿರುವುಮುರುವಾಗಿ ಇನ್ನೊಮ್ಮೆ ಬರೆಯಿರಿ: 0, 1, 1, 0. ಈಗ ಮೊದಲರ್ಧಕ್ಕೆ ಮುಂದುಗಡೆ 0 ಸೇರಿಸಿ, ಕನ್ನಡಿಯ ಅರ್ಧಕ್ಕೆ 1 ಸೇರಿಸಿ. ಎರಡು ಬಿಟ್ಟಿನ ಸಾಲು ಸಿದ್ಧ: 00, 01, 11, 10. ಇದಕ್ಕೂ ಹಾಗೆಯೇ ಮಾಡಿದರೆ ಮೂರು ಬಿಟ್ಟಿನದು:

```
000 001 011 010
110 111 101 100
```

ಪ್ರತಿ ಸಲವೂ ಸಾಲು ಇಮ್ಮಡಿಯಾಗುತ್ತದೆ. ಹತ್ತು ಬಿಟ್ಟಿಗೆ 1024 ಗುರುತುಗಳು.

ಇದು ತಪ್ಪದೇಕೆ? ಎರಡು ಅರ್ಧಗಳ ಒಳಗೆ ಹಳೆಯ ಸಾಲಿನ ನಿಯಮವೇ ನಡೆಯುತ್ತದೆ. ಅರ್ಧಗಳು ಕೂಡುವ ಜಾಗದಲ್ಲಿ ಹಳೆಯ ಸಾಲಿನ ಕೊನೆಯ ಗುರುತೇ ಎರಡು ಸಲ ಬರುವುದರಿಂದ, ಮುಂದೆ ಸೇರಿಸಿದ ಬಿಟ್ ಮಾತ್ರ ಬದಲಾಗುತ್ತದೆ: 010, 110. ಕೊನೆಯ 100ರಿಂದ ಮೊದಲ 000ಕ್ಕೆ ಮರಳುವಾಗಲೂ ಒಂದೇ ಬದಲಾವಣೆ. ಸುತ್ತುವ ತಟ್ಟೆಗೆ ಇದು ಬೇಕೇ ಬೇಕು.

ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಸಾಲನ್ನು ತಿರುಗಿಸದೆ ಹಾಗೆಯೇ ನಕಲು ಮಾಡುವುದು. ಆಗ 00, 01, 10, 11 ಬರುತ್ತದೆ. ನಡುವೆ 01ರಿಂದ 10ಕ್ಕೆ ಎರಡು ಬಿಟ್ ಬದಲಾಗುತ್ತವೆ. ಆದುದರಿಂದ ಮೊದಲು ನೋಡಬೇಕಾದದ್ದು ಆ ಕೂಡುವ ಜಾಗವನ್ನು.

ತಟ್ಟೆಗೆ ಆರೇ ಭಾಗ ಸಾಕೆಂದರೆ? ಮೊದಲಿನ ಆರನ್ನು ತೆಗೆದುಕೊಂಡರೆ ಕೆಡುತ್ತದೆ. 111ರಿಂದ 000ಕ್ಕೆ ಮೂರೂ ಬಿಟ್ ಬದಲಾಗುತ್ತವೆ. ಎರಡು ತುದಿಗಳಿಂದಲೂ ಒಂದೊಂದನ್ನು ಬಿಟ್ಟು ನಡುವಿನ ಆರನ್ನು ಇಟ್ಟುಕೊಳ್ಳಬೇಕು. ಆಗ 101ರಿಂದ 001ಕ್ಕೆ ಮರಳುವಾಗ ಒಂದೇ ಬದಲಾವಣೆ. ಐದು, ಏಳು ಮುಂತಾದ ಬೆಸಸಂಖ್ಯೆಯ ಭಾಗಗಳಿಗೆ ಮಾತ್ರ ಯಾವ ಉಪಾಯವೂ ಇಲ್ಲ. ಹೊರಟಲ್ಲಿಗೇ ಮರಳಬೇಕಾದರೆ ಬದಲಾದ ಪ್ರತಿ ಬಿಟ್ಟೂ ಮತ್ತೆ ಮೊದಲಿನಂತಾಗಬೇಕು; ಹೀಗೆ ಹೆಜ್ಜೆಗಳು ಜೋಡಿಜೋಡಿಯಾಗಿಯೇ ಬರುತ್ತವೆ.

ಹಾಳೆಯ ಮೇಲೆ ನಾಲ್ಕು ಬಿಟ್ಟಿನ ಹದಿನಾರು ಗುರುತುಗಳನ್ನು ನೀವೇ ಬರೆದು ನೋಡಿರಿ. ಕೊನೆಯದು 1000 ಎಂದು ಬರಬೇಕು.